ಗ್ರಾಮರ್ ಉಲ್ಟಾ ಮಾಡಿದರೆ ಒಮ್ಮೆ ಫುಲ್ ಮಾರ್ಕ್ಸ್, ಒಮ್ಮೆ ಸೊನ್ನೆ: ಯಾಕೆ?

ಪ್ರಶ್ನೆ: ಸರ್, ನಾನು ಬಿ.ಇ. ಕಂಪ್ಯೂಟರ್ ಸೈನ್ಸ್ 5ನೇ ಸೆಮಿಸ್ಟರ್ ವಿದ್ಯಾರ್ಥಿನಿ. ಮೊದಲ ಇಂಟರ್ನಲ್ಸ್‌ನಲ್ಲಿ 3ರಿಂದ ಭಾಗವಾಗೋ ಬೈನರಿ ಸಂಖ್ಯೆಗಳ ಡಿಎಫ್‌ಎ ಕೊಟ್ಟು ಲೆಫ್ಟ್ ಲೀನಿಯರ್ ಗ್ರಾಮರ್ ಕೇಳಿದ್ರು. ರೈಟ್ ಲೀನಿಯರ್ ಬರೆದು ಬಲಗಡೆ ಇರೋದನ್ನೆಲ್ಲ ಉಲ್ಟಾ ಮಾಡಿದೆ, ಫುಲ್ ಮಾರ್ಕ್ಸ್ ಬಂತು. ಎರಡನೇ ಇಂಟರ್ನಲ್ಸ್‌ನಲ್ಲಿ `ab` ಯಿಂದ ಮುಗಿಯೋ ಸ್ಟ್ರಿಂಗ್‌ಗಳಿಗೆ ಅದನ್ನೇ ಮಾಡಿದೆ, ಸೊನ್ನೆ ಬಂತು! ಇನ್ನೊಂದು: ಅದೇ 3ರ ಡಿಎಫ್‌ಎಗೆ ನಾನು `(0+11+101*01)*` ಅಂತ ಬರೆದಿದ್ದೆ. ಸ್ಕೀಮ್‌ನಲ್ಲಿ `(0+1(01*0)*1)*` ಇದೆ ಅಂತ ಅರ್ಧ ಮಾರ್ಕ್ಸ್ ಕಟ್ ಮಾಡಿದ್ರು. 30ರವರೆಗೆ ಎಲ್ಲ ಸಂಖ್ಯೆ ಹಾಕಿ ನೋಡಿದೀನಿ, ಸರಿಯಾಗೇ ಬರುತ್ತೆ. ನನ್ನ ತಪ್ಪು ಎಲ್ಲಿ?

ಉತ್ತರ: ಮೊದಲು ಕಹಿ ಸುದ್ದಿ ಹೇಳಿಬಿಡುತ್ತೇನೆ. ಗ್ರಾಮರ್ ವಿಷಯದಲ್ಲಿ ನಿಮ್ಮ ವಿಧಾನ ಎರಡು ಸಲವೂ ತಪ್ಪೇ. ಮೊದಲ ಸಲ ನಿಮ್ಮನ್ನು ಕಾಪಾಡಿದ್ದು ಆ ಪ್ರಶ್ನೆ. ರೆಗ್ಯುಲರ್ ಎಕ್ಸ್‌ಪ್ರೆಶನ್ ವಿಷಯದಲ್ಲಿ, ಸ್ಕೀಮ್‌ಗಿಂತ ಬೇರೆ ಥರ ಇರುವುದು ತಪ್ಪಲ್ಲ. ಆದರೆ ನೀವು ಬರೆದದ್ದರಲ್ಲಿ ಒಂದು ದಾರಿ ಬಿಟ್ಟುಹೋಗಿದೆ. 30ಕ್ಕೆ ನಿಲ್ಲಿಸದೆ ಇನ್ನೊಂದೇ ಒಂದು ಗುಣಕ ನೋಡಿದ್ದರೆ ಸಿಕ್ಕಿಬಿಡುತ್ತಿತ್ತು.

ಗ್ರಾಮರ್‌ನಿಂದ ಶುರು ಮಾಡೋಣ. 3ರ ಡಿಎಫ್‌ಎಯಲ್ಲಿ ಮೂರು ಸ್ಟೇಟ್: ಇಲ್ಲಿಯವರೆಗೆ ಓದಿದ ಸಂಖ್ಯೆಯನ್ನು 3ರಿಂದ ಭಾಗಿಸಿದರೆ ಶೇಷ 0 ಬಂದರೆ A, 1 ಬಂದರೆ B, 2 ಬಂದರೆ C. ಶುರುವಾಗುವುದೂ A, ಒಪ್ಪಿಕೊಳ್ಳುವುದೂ A. ಬಲಕ್ಕೆ ಒಂದು ಅಂಕಿ ಸೇರಿದರೆ ಸಂಖ್ಯೆ ಎರಡು ಪಟ್ಟಾಗಿ ಆ ಅಂಕಿ ಕೂಡುತ್ತದೆ, ಅಷ್ಟೇ. ಹಾಗಾಗಿ ಬಾಣಗಳು ಹೀಗೆ:

```
A --0--> A      A --1--> B
B --0--> C      B --1--> A
C --0--> B      C --1--> C
```

ಇದರ ರೈಟ್ ಲೀನಿಯರ್ ಗ್ರಾಮರ್ ಬರೆಯುವುದು ಸುಲಭ. p ಯಿಂದ x ಮೇಲೆ q ಗೆ ಬಾಣ ಇದ್ದರೆ `p → xq`. ಒಪ್ಪಿಕೊಳ್ಳುವ ಸ್ಟೇಟ್‌ಗೆ ಒಂದು ε.

```
A → 0A | 1B | ε
B → 0C | 1A
C → 0B | 1C
```

ಇಲ್ಲಿವರೆಗೆ ಎಲ್ಲರೂ ಸರಿಯಾಗಿ ಬರೆಯುತ್ತಾರೆ. ಎಡವುವುದು ಇದರ ಮುಂದೆ. ಅದಕ್ಕೆ ಕಾರಣ ಒಂದೇ. ಇಲ್ಲಿ B ಅಂದರೆ ಏನು ಅಂತ ಯಾರೂ ಕೇಳಿಕೊಳ್ಳುವುದಿಲ್ಲ. ಗ್ರಾಮರ್‌ನಲ್ಲಿ B ಒಂದು ಸ್ಟೇಟ್ ಅಲ್ಲ, ಅದು ಸ್ಟ್ರಿಂಗ್‌ಗಳ ಒಂದು ರಾಶಿ. ಯಾವ ರಾಶಿ? B ಯಲ್ಲಿ ನಿಂತವನು ಇನ್ನು ಏನೇನು ಓದಿದರೆ ಗುರಿ ಮುಟ್ಟುತ್ತಾನೋ ಆ ಸ್ಟ್ರಿಂಗ್‌ಗಳ ರಾಶಿ. ಅಂದರೆ ರೈಟ್ ಲೀನಿಯರ್‌ನಲ್ಲಿ ಪ್ರತಿ ವೇರಿಯಬಲ್‌ನ ಅರ್ಥ "ಇಲ್ಲಿಂದ ಮುಂದೆ". ಒಪ್ಪಿಕೊಳ್ಳುವ ಸ್ಟೇಟ್‌ಗೆ ε ಯಾಕೆ ಬರುತ್ತದೆ ಅಂತ ಈಗ ಗೊತ್ತಾಯಿತಲ್ಲ? ಅಲ್ಲಿಂದ ಮುಂದೆ ಏನೂ ಓದದಿದ್ದರೂ ಆಯಿತು.

ಲೆಫ್ಟ್ ಲೀನಿಯರ್‌ನಲ್ಲಿ ಅರ್ಥ ಬೇರೆ. ಅಲ್ಲಿ B ಅಂದರೆ ಶುರುವಿನಿಂದ ಹೊರಟು B ಗೆ ತಂದು ನಿಲ್ಲಿಸುವ ಸ್ಟ್ರಿಂಗ್‌ಗಳ ರಾಶಿ. "ಇಲ್ಲಿಯವರೆಗೆ" ಅನ್ನಿ. ಈ ಅರ್ಥ ಹಿಡಿದುಕೊಂಡರೆ ರೂಲ್ ತಾನಾಗಿಯೇ ಬರುತ್ತದೆ. p ಯಿಂದ x ಮೇಲೆ q ಗೆ ಬಾಣ ಇದೆ ಅಂದುಕೊಳ್ಳಿ. p ವರೆಗೆ ತಂದ ಸ್ಟ್ರಿಂಗ್‌ನ ಕೊನೆಗೆ x ಸೇರಿಸಿದರೆ q ವರೆಗೆ ಬಂದಂತಾಯಿತು. ಹಾಗಾಗಿ `q → px`. ಬಾಣದ ತುದಿ ಎಡಗಡೆಗೆ ಬಂತು, ಬುಡ ಬಲಗಡೆಗೆ ಹೋಯಿತು. ε ಯಾರಿಗೆ? ಏನೂ ಓದದೆ ನಾವು ನಿಂತಿರುವುದು ಶುರುವಿನ ಸ್ಟೇಟ್‌ನಲ್ಲಿ, ಆದ್ದರಿಂದ ಅದಕ್ಕೆ. ಗ್ರಾಮರ್‌ನ ಸ್ಟಾರ್ಟ್ ಸಿಂಬಲ್ ಯಾವುದು? ನಮಗೆ ಬೇಕಿರುವುದು ಒಪ್ಪಿಕೊಳ್ಳುವ ಸ್ಟೇಟ್‌ವರೆಗೆ ತರುವ ಸ್ಟ್ರಿಂಗ್‌ಗಳು, ಆದ್ದರಿಂದ ಆ ಸ್ಟೇಟ್. ಅಂಥ ಸ್ಟೇಟ್ ಎರಡು ಮೂರು ಇದ್ದರೆ ಹೊಸದೊಂದು Z ತಂದು `Z → F | G` ಅಂತ ಸೇರಿಸಿದರೆ ಸಾಕು.

ನೀವು ಮಾಡಿದ್ದು ಏನು? `A → 1B` ಇದ್ದದ್ದನ್ನು `A → B1` ಮಾಡಿದಿರಿ. ಎಡಗಡೆ ಮುಟ್ಟಲಿಲ್ಲ, ε ಇದ್ದಲ್ಲೇ ಇತ್ತು, ಸ್ಟಾರ್ಟ್ ಸಿಂಬಲ್ ಕೂಡ ಬದಲಾಗಲಿಲ್ಲ. ಹೀಗೆ ಬಲಗಡೆ ಮಾತ್ರ ಉಲ್ಟಾ ಮಾಡಿದರೆ ಪ್ರತಿ ಸ್ಟ್ರಿಂಗ್ ಹಿಂದು ಮುಂದಾಗಿ ಹುಟ್ಟುತ್ತದೆ. ಗ್ರಾಮರ್ ಲೆಫ್ಟ್ ಲೀನಿಯರ್ ಆಗಿಯೇ ಇರುತ್ತದೆ, ಆದರೆ ಅದರ ಭಾಷೆ ಬೇರೆ: ಕೇಳಿದ ಭಾಷೆಯ ರಿವರ್ಸ್.

ಹಾಗಾದರೆ ಮೊದಲ ಇಂಟರ್ನಲ್ಸ್‌ನಲ್ಲಿ ಹೇಗೆ ಸರಿಬಂತು? ಮೇಲಿನ ಬಾಣಗಳನ್ನು ಇನ್ನೊಮ್ಮೆ ನೋಡಿ. A ಯಿಂದ B ಗೆ 1, B ಯಿಂದ A ಗೆ ವಾಪಸ್ಸೂ 1. B ಯಿಂದ C ಗೆ 0, ವಾಪಸ್ಸೂ 0. ಉಳಿದ ಎರಡು ತಮ್ಮ ಸುತ್ತ ತಾವೇ ಸುತ್ತುವ ಬಾಣಗಳು. ಅಂದರೆ ಈ ಚಿತ್ರದಲ್ಲಿ ಎಲ್ಲ ಬಾಣಗಳನ್ನು ತಿರುಗಿಸಿದರೂ ಚಿತ್ರ ಹಾಗೇ ಇರುತ್ತದೆ! ಮೇಲಾಗಿ ಶುರುವೂ A, ಕೊನೆಯೂ A. ಸರಿಯಾದ ರೂಲ್ ಹಾಕಿ ಬರೆದರೆ ಬರುವುದು ಇದು:

```
A → A0 | B1 | ε
B → A1 | C0
C → B0 | C1
```

ನೀವು ಉಲ್ಟಾ ಮಾಡಿ ಬರೆದದ್ದೂ ಅಕ್ಷರಶಃ ಇದೇ. ನಿಮ್ಮ ಪೇಪರ್ ನೋಡಿದವರಿಗೆ ತಪ್ಪು ವಿಧಾನ ಗೊತ್ತಾಗುವ ದಾರಿಯೇ ಇರಲಿಲ್ಲ. ಇದರ ಹಿಂದೆ ಒಂದು ಸಣ್ಣ ಗಣಿತವೂ ಇದೆ. 3ರ ಲೆಕ್ಕದಲ್ಲಿ 2 ಅಂದರೆ −1 ಇದ್ದ ಹಾಗೆ. ಹಾಗಾಗಿ ಬೈನರಿ ಸಂಖ್ಯೆ 3ರಿಂದ ಭಾಗವಾಗುತ್ತದೋ ನೋಡಲು ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿಸಿ ಕಳೆದರೆ ಸಾಕು. ಶಾಲೆಯಲ್ಲಿ 11ಕ್ಕೆ ಕಲಿಸಿದರಲ್ಲ, ಅದೇ ಲೆಕ್ಕ. ಆ ಕೂಡು ಕಳೆಯನ್ನು ಬಲದಿಂದ ಮಾಡಿದರೂ ಎಡದಿಂದ ಮಾಡಿದರೂ ಹೆಚ್ಚೆಂದರೆ ಚಿಹ್ನೆ ಬದಲಾಗುತ್ತದೆ. ಆದ್ದರಿಂದ ಸಂಖ್ಯೆಯನ್ನು ತಿರುಗಿಸಿ ಬರೆದರೂ 3ರಿಂದ ಭಾಗವಾಗುತ್ತದೆ. 39 ಅಂದರೆ `100111`, ತಿರುಗಿಸಿದರೆ `111001`, ಅದು 57. ಎರಡೂ 3ರ ಗುಣಕಗಳೇ.

ಅವತ್ತು 3ರ ಬದಲು 5 ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. 25 ಅಂದರೆ `11001`. ತಿರುಗಿಸಿದರೆ `10011`, ಅಂದರೆ 19. ನಿಮ್ಮ ಗ್ರಾಮರ್ 19 ಅನ್ನು 5ರ ಗುಣಕ ಅಂತ ಹುಟ್ಟಿಸುತ್ತಿತ್ತು. ಪಾಠ ಮಾಡುವವರಿಗೂ ನಾನು ಹೇಳುವುದು ಇದನ್ನೇ: ಲೆಫ್ಟ್ ಲೀನಿಯರ್ ಕಲಿಸಲು 3ರ ಉದಾಹರಣೆ ತಗೋಬೇಡಿ, ತಪ್ಪು ಕಲಿತವರೂ ಪಾಸಾಗಿಬಿಡುತ್ತಾರೆ. ನಾನೇ ಸುಮಾರು ವರ್ಷ ಅದನ್ನೇ ಬೋರ್ಡ್ ಮೇಲೆ ಬರೆಯುತ್ತಿದ್ದೆ, ಅದು ಬೇರೆ ಮಾತು.

ಈಗ ಎರಡನೇ ಪ್ರಶ್ನೆ. `ab` ಯಿಂದ ಮುಗಿಯುವ ಸ್ಟ್ರಿಂಗ್‌ಗಳು, ಅಂದರೆ `(a+b)*ab`. ಇದಕ್ಕೆ ಡಿಎಫ್‌ಎಯೇ ಬೇಕು ಅಂತ ಇಲ್ಲ, ಗ್ರಾಮರ್‌ಗೆ ಎನ್‌ಎಫ್‌ಎ ಸಾಕು. ಮೂರು ಸ್ಟೇಟ್: S ನಲ್ಲಿ a ಬಂದರೂ b ಬಂದರೂ ಅಲ್ಲೇ ಸುತ್ತು, S ನಿಂದ a ಮೇಲೆ T ಗೆ, T ಯಿಂದ b ಮೇಲೆ F ಗೆ. F ಒಪ್ಪಿಕೊಳ್ಳುವ ಸ್ಟೇಟ್. ರೈಟ್ ಲೀನಿಯರ್:

```
S → aS | bS | aT
T → bF
F → ε
```

ನಿಮ್ಮ ಹಾಗೆ ಬಲಗಡೆ ಮಾತ್ರ ತಿರುಗಿಸಿದರೆ `S → Sa | Sb | Ta`, `T → Fb`, `F → ε`. ಇದರಲ್ಲಿ ಅತಿ ಚಿಕ್ಕ ಸ್ಟ್ರಿಂಗ್ ಹುಟ್ಟಿಸಿ ನೋಡಿ. S ನಿಂದ Ta, T ಹೋಗಿ Fba, F ಹೋಗಿ `ba`. ಕೇಳಿದ್ದು `ab`, ಬಂದದ್ದು `ba`. ಈ ಗ್ರಾಮರ್‌ನ ಪೂರ್ತಿ ಭಾಷೆ `ba(a+b)*`: `ba` ಯಿಂದ ಶುರುವಾಗುವ ಸ್ಟ್ರಿಂಗ್‌ಗಳು. ಸೊನ್ನೆ ಕೊಟ್ಟವರ ಮೇಲೆ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ.

ಸರಿಯಾದದ್ದು ಬಾಣ ಬಾಣವಾಗಿ ಬರೆಯೋಣ. S ನ ಎರಡು ಸುತ್ತು ಬಾಣಗಳಿಂದ `S → Sa` ಮತ್ತು `S → Sb`. S ನಿಂದ T ಗೆ a ಬಾಣ, ಆದ್ದರಿಂದ `T → Sa`. T ಯಿಂದ F ಗೆ b ಬಾಣ, ಆದ್ದರಿಂದ `F → Tb`. ಶುರು S ಆದ್ದರಿಂದ `S → ε`. ಸ್ಟಾರ್ಟ್ ಸಿಂಬಲ್ F.

```
F → Tb
T → Sa
S → Sa | Sb | ε
```

`bab` ತೆಗೆದುಕೊಳ್ಳಿ. F, Tb, Sab, Sbab, ಕೊನೆಗೆ S ಅಳಿಸಿ `bab`. ಅಕ್ಷರಗಳು ಬಲಗಡೆಯಿಂದ ಒಂದೊಂದೇ ಹುಟ್ಟುತ್ತಾ ಬಂದವು ನೋಡಿ. ಕೊನೆಯ ಅಕ್ಷರ ಮೊದಲು, ಮೊದಲ ಅಕ್ಷರ ಕೊನೆಗೆ. ಸ್ಟಾರ್ಟ್ ಸಿಂಬಲ್ F ಆಗಬೇಕಾದದ್ದು ಇದಕ್ಕೇ: ಲೆಫ್ಟ್ ಲೀನಿಯರ್ ಸ್ಟ್ರಿಂಗ್‌ನ ಬಾಲದಿಂದ ಕೆಲಸ ಶುರು ಮಾಡುತ್ತದೆ. ಉತ್ತರ ಬರೆಯುವಾಗ "ಸ್ಟಾರ್ಟ್ ಸಿಂಬಲ್ F" ಅಂತ ಒಂದು ಸಾಲು ಬರೆಯಲೇಬೇಕು. ಬರೆಯದಿದ್ದರೆ ಓದುವವರು ಅಭ್ಯಾಸಬಲದಿಂದ S ಅಂದುಕೊಳ್ಳುತ್ತಾರೆ. ಆಗ ಸರಿಯಾದ ಗ್ರಾಮರ್‌ಗೂ `(a+b)*` ಅನ್ನುವ ತಪ್ಪು ಭಾಷೆ ಅಂಟಿಕೊಳ್ಳುತ್ತದೆ.

ಪುಸ್ತಕಗಳಲ್ಲಿ ಇದನ್ನೇ ಮೂರು ಹಂತದಲ್ಲಿ ಕೊಟ್ಟಿರುತ್ತಾರೆ: ಎಲ್ಲ ಬಾಣ ತಿರುಗಿಸಿ ಶುರು ಮತ್ತು ಕೊನೆ ಅದಲು ಬದಲು ಮಾಡು, ಅದಕ್ಕೆ ರೈಟ್ ಲೀನಿಯರ್ ಬರೆ, ಆಮೇಲೆ ಬಲಗಡೆ ಉಲ್ಟಾ ಮಾಡು. ಎರಡು ಸಲ ತಿರುಗಿಸಿದ್ದರಿಂದ ಭಾಷೆ ಮೊದಲಿನದೇ ಆಗುತ್ತದೆ. ನೀವು ನೆನಪಿಟ್ಟುಕೊಂಡದ್ದು ಮೂರನೇ ಹಂತ ಮಾತ್ರ. ಈ ಮೂರು ಹಂತವೂ ಸರಿ, ಆದರೆ `q → px` ನೇರವಾಗಿ ಬರೆಯುವುದು ನನಗೆ ಇಷ್ಟ. ಒಂದೇ ಸಲದ ಕೆಲಸ, ಪ್ರತಿ ಸಾಲನ್ನೂ ಚಿತ್ರದ ಬಾಣದ ಜೊತೆ ಇಟ್ಟು ನೋಡಬಹುದು.

ಇಲ್ಲೇ ಇನ್ನೊಂದು ಗುಂಡಿ ಇದೆ. ಕೆಲವರು ಅರ್ಧ ಗ್ರಾಮರ್ ತಿರುಗಿಸಿ ಉಳಿದರ್ಧ ಹಾಗೇ ಬಿಡುತ್ತಾರೆ. ಒಂದು ಸಾಲು ರೈಟ್, ಇನ್ನೊಂದು ಸಾಲು ಲೆಫ್ಟ್. ಪ್ರತಿ ಸಾಲು ಬೇರೆ ಬೇರೆಯಾಗಿ ನೋಡಿದರೆ ಲೀನಿಯರ್ ಆಗಿಯೇ ಕಾಣುತ್ತದೆ. ಆದರೆ ಇದನ್ನು ನೋಡಿ:

```
S → aA | ε
A → Sb
```

S ನಿಂದ aA, ಅದರಿಂದ aSb, ಮತ್ತೆ aaAb, aaSbb. ಎಷ್ಟು a ಗಳೋ ಅಷ್ಟೇ b ಗಳು. ಇದು ಯಾವ ಫೈನೈಟ್ ಆಟೊಮೇಟನ್‌ಗೂ ಹಿಡಿಯಲಾಗದ ಭಾಷೆ, ಪಂಪಿಂಗ್ ಲೆಮ್ಮಾ ಪಾಠದಲ್ಲಿ ಮೊದಲು ಬರುವ ಉದಾಹರಣೆಯೇ ಇದು. ವೇರಿಯಬಲ್ ಅಕ್ಷರಗಳ ನಡುವೆ ಸಿಕ್ಕಿಕೊಂಡಿತು ಅಂದರೆ ಎರಡೂ ಕಡೆ ಲೆಕ್ಕ ಇಟ್ಟುಕೊಳ್ಳುವ ಶಕ್ತಿ ಬಂದುಬಿಡುತ್ತದೆ. ಆದ್ದರಿಂದ ರೆಗ್ಯುಲರ್ ಗ್ರಾಮರ್ ಅಂದರೆ ಎಲ್ಲ ಸಾಲುಗಳೂ ಒಂದೇ ದಿಕ್ಕಿನವು. "ಈ ಗ್ರಾಮರ್‌ಗೆ ಡಿಎಫ್‌ಎ ಬರೆಯಿರಿ, ಸಾಧ್ಯವಿಲ್ಲದಿದ್ದರೆ ಕಾರಣ ಕೊಡಿ" ಅಂತ ಇಂಥದ್ದನ್ನು ಕೇಳಿದರೆ ಸುಮ್ನೆ ಸ್ಟೇಟ್ ಬರೆಯಲು ಶುರು ಮಾಡಬೇಡಿ, ಮೊದಲು ದಿಕ್ಕು ನೋಡಿ.

ಎಡ ಬಲದ ಇದೇ ಗೊಂದಲ ರೆಗ್ಯುಲರ್ ಎಕ್ಸ್‌ಪ್ರೆಶನ್ ಕಡೆಯಲ್ಲೂ ವೇಷ ಬದಲಿಸಿ ಬರುತ್ತದೆ. ಆರ್ಡನ್ ಥಿಯರಂ ಓದಿದ್ದೀರಲ್ಲ? ಅದರ ಸಮೀಕರಣಗಳು ಬೇರೇನೂ ಅಲ್ಲ, ಗ್ರಾಮರ್‌ನ ಸಾಲುಗಳೇ. ಬಾಣದ ಗುರುತಿನ ಜಾಗದಲ್ಲಿ `=`, ಗೆರೆಯ ಜಾಗದಲ್ಲಿ `+`. ರೈಟ್ ಲೀನಿಯರ್‌ನಿಂದ ಬರೆದರೆ ಹೀಗೆ:

```
A = 0A + 1B + ε
B = 0C + 1A
C = 0B + 1C
```

ಸೂತ್ರ ಇದು: `X = PX + Q` ಆದರೆ `X = P*Q`. P ಯಲ್ಲಿ ε ಇರಬಾರದು ಅನ್ನುವ ಷರತ್ತು ಇದೆ, ಡಿಎಫ್‌ಎಯಿಂದ ಬಂದ ಸಮೀಕರಣಗಳಲ್ಲಿ ಆ ತೊಂದರೆ ಬರುವುದಿಲ್ಲ. ಕೆಳಗಿನಿಂದ ಹಾಕುತ್ತಾ ಬನ್ನಿ. ಮೂರನೆಯದರಿಂದ `C = 1*0B`. ಅದನ್ನು B ಯಲ್ಲಿ ಹಾಕಿದರೆ `B = 01*0B + 1A`, ಅಂದರೆ `B = (01*0)*1A`. ಅದನ್ನು A ಯಲ್ಲಿ ಹಾಕಿದರೆ `A = (0 + 1(01*0)*1)A + ε`, ಅಂದರೆ `A = (0+1(01*0)*1)*`. ನಿಮ್ಮ ಸ್ಕೀಮ್‌ನ ಉತ್ತರ ಬಂತು. ಚಿತ್ರ ಬರೆಯಲೇ ಇಲ್ಲ, ಗ್ರಾಮರ್‌ನಿಂದ ನೇರವಾಗಿ ಎಕ್ಸ್‌ಪ್ರೆಶನ್‌ಗೆ ಬಂದೆವು.

ಲೆಫ್ಟ್ ಲೀನಿಯರ್‌ನಿಂದ ಸಮೀಕರಣ ಬರೆದರೆ ವೇರಿಯಬಲ್ ಎಡಗಡೆ ಇರುತ್ತದೆ, ಆಗ `X = XP + Q` ಗೆ ಉತ್ತರ `QP*`. ಸ್ಟಾರ್ ಹಿಂದೆ ಬಂತು. ಇದು ತಾರ್ಕಿಕವೇ: ಮೊದಲು Q ಮಾಡಿ ಇಲ್ಲಿಗೆ ಬಂದು ಆಮೇಲೆ P ಎಷ್ಟು ಸಲ ಬೇಕಾದರೂ ಸುತ್ತು. ಕೆಲವು ಟೀಚರ್‌ಗಳು ಒಳಗೆ ಬರುವ ಬಾಣಗಳಿಂದ ಸಮೀಕರಣ ಬರೆಸುತ್ತಾರೆ, ಕೆಲವರು ಹೊರಗೆ ಹೋಗುವ ಬಾಣಗಳಿಂದ. ಎರಡೂ ಸರಿ. ತಪ್ಪಾಗುವುದು ಒಂದರ ಸಮೀಕರಣ ಬರೆದು ಇನ್ನೊಂದರ ಸೂತ್ರ ಹಾಕಿದಾಗ. `C = 0B + 1C` ಗೆ `C = 0B1*` ಅಂತ ಬರೆದವರು ಬೇಕಾದಷ್ಟು ಜನ. ತಕ್ಷಣ ಗೊತ್ತಾಗುವ ಗುರುತು ಏನೆಂದರೆ, B ಯ ಎರಡೂ ಕಡೆ ಅಕ್ಷರ ಬಂದುಬಿಡುತ್ತದೆ. ಆಗಲೇ ಹೇಳಿದೆನಲ್ಲ, ವೇರಿಯಬಲ್ ನಡುವೆ ಸಿಕ್ಕಿಕೊಂಡರೆ ಅಪಾಯ ಅಂತ. ಅಲ್ಲಿಗೆ ಪೆನ್ನು ನಿಲ್ಲಿಸಿ ಒಂದು ಸಾಲು ಹಿಂದೆ ಹೋಗಿ.

ಇನ್ನು ನಿಮ್ಮ ಎಕ್ಸ್‌ಪ್ರೆಶನ್. ಅದರ ಆಕಾರ ನೋಡಿದರೆ ನೀವು ಸ್ಟೇಟ್ ಎಲಿಮಿನೇಶನ್ ಮಾಡಿದ್ದೀರಿ, ಮೊದಲು B ತೆಗೆದಿದ್ದೀರಿ. ಸ್ಕೀಮ್ ಮಾಡಿದವರು ಮೊದಲು C ತೆಗೆದಿದ್ದಾರೆ. ಯಾವುದನ್ನು ಮೊದಲು ತೆಗೆದರೂ ಭಾಷೆ ಬದಲಾಗುವುದಿಲ್ಲ, ಬರೆಯುವ ರೂಪ ಮಾತ್ರ ಬದಲಾಗುತ್ತದೆ. ಪ್ರಶ್ನೆಯಲ್ಲಿ ಕ್ರಮ ಹೇಳಿಲ್ಲದಿದ್ದರೆ ಎರಡಕ್ಕೂ ಪೂರ್ತಿ ಮಾರ್ಕ್ಸ್ ಕೊಡಬೇಕು. ಆದರೆ B ತೆಗೆಯುವಾಗ ನೀವು ಎಲ್ಲಿ ಜಾರಿದಿರಿ ಅಂತ ನಿಧಾನವಾಗಿ ನೋಡೋಣ.

ಒಂದು ಸ್ಟೇಟ್ ತೆಗೆಯುವುದು ಅಂದರೆ ಊರಿನ ಮಧ್ಯದ ಬಸ್ ಸ್ಟ್ಯಾಂಡ್ ಮುಚ್ಚಿದ ಹಾಗೆ. ಅದರ ಮೂಲಕ ಹೋಗುತ್ತಿದ್ದ ಪ್ರತಿ ಪ್ರಯಾಣಕ್ಕೂ ನೇರ ಬಸ್ ಬಿಡಬೇಕು. B ಗೆ ಒಳಗೆ ಬರುವ ಬಾಣ ಎರಡು: A ಯಿಂದ 1, C ಯಿಂದ 0. ಹೊರಗೆ ಹೋಗುವ ಬಾಣ ಎರಡು: A ಗೆ 1, C ಗೆ 0. ಎರಡು ಎರಡಲೆ ನಾಲ್ಕು.

```
A → B → A : 11
A → B → C : 10
C → B → A : 01
C → B → C : 00
```

B ಗೆ ಸ್ವಂತ ಸುತ್ತು ಇಲ್ಲದ್ದರಿಂದ ನಡುವೆ ಸ್ಟಾರ್ ಬರುವುದಿಲ್ಲ. ಇದ್ದಿದ್ದರೆ ಪ್ರತಿಯೊಂದರ ಮಧ್ಯದಲ್ಲೂ ಅದರ ಸ್ಟಾರ್ ಸೇರಿಸಬೇಕಿತ್ತು. ಈಗ ಈ ನಾಲ್ಕನ್ನು ಮೊದಲಿದ್ದ ಬಾಣಗಳಿಗೆ ಸೇರಿಸಿ. A ಯ ಸುತ್ತು 0 ಇತ್ತು, `0+11` ಆಯಿತು. A ಯಿಂದ C ಗೆ `10`, C ಯಿಂದ A ಗೆ `01`. C ಯ ಸುತ್ತು 1 ಇತ್ತು, `1+00` ಆಗಬೇಕು. ಈ ಕೊನೆಯದನ್ನೇ ನೀವು ಬಿಟ್ಟಿರುವುದು. C ಯಿಂದ ಹೊರಟು B ಗೆ ಹೋಗಿ C ಗೇ ವಾಪಸ್ ಬರುವ ದಾರಿ. ಇದನ್ನೇ ಎಲ್ಲರೂ ಬಿಡುವುದು. ಚಿತ್ರದಲ್ಲಿ C ಯ ಮೇಲೆ ಆಗಲೇ ಒಂದು ಸುತ್ತು ಇರುತ್ತದೆ, ಅದರಿಂದ "ಅಲ್ಲಿ ಕೆಲಸ ಮುಗಿದಿದೆ" ಅಂತ ಕಣ್ಣು ಮುಂದೆ ಹೋಗಿಬಿಡುತ್ತದೆ.

ಇನ್ನು C ತೆಗೆದರೆ A ಯ ಸುತ್ತು `0+11+10(1+00)*01`. ಶುರುವೂ ಕೊನೆಯೂ A ಆದ್ದರಿಂದ ಇದಕ್ಕೊಂದು ಸ್ಟಾರ್ ಹಾಕಿದರೆ ಮುಗಿಯಿತು:

```
(0+11+10(1+00)*01)*
```

ನಿಮ್ಮದರಲ್ಲಿ `(1+00)*` ಜಾಗದಲ್ಲಿ ಬರೀ `1*` ಇದೆ. ಶುರು ಮತ್ತು ಕೊನೆ ಬೇರೆ ಬೇರೆ ಇರುವ ಡಿಎಫ್‌ಎ ಆದರೆ ಮೊದಲೇ ಹೊಸ ಶುರು ಮತ್ತು ಹೊಸ ಕೊನೆ ಸೇರಿಸಿ ε ಬಾಣ ಹಾಕಿಕೊಳ್ಳಿ. ಕೊನೆಗೆ ಎರಡೇ ಸ್ಟೇಟ್, ಒಂದೇ ಬಾಣ ಉಳಿಯುತ್ತದೆ, ತಲೆನೋವು ಕಡಿಮೆ.

30ರವರೆಗೆ ನೋಡಿದರೂ ಯಾಕೆ ಸಿಗಲಿಲ್ಲ? ಬಿಟ್ಟುಹೋದ ದಾರಿ ಬೇಕಾಗುವುದು `10`, ಆಮೇಲೆ `00`, ಆಮೇಲೆ `01` ಅಂತ ಹೋಗುವ ಸ್ಟ್ರಿಂಗ್‌ಗೆ. ಅಂಥ ಅತಿ ಚಿಕ್ಕ ಸ್ಟ್ರಿಂಗ್ `100001`. ಅದು 33. ಅದಕ್ಕಿಂತ ಮೊದಲಿನ ಗುಣಕಗಳಿಗೆ ಆ ದಾರಿ ಬೇಕೇ ಆಗುವುದಿಲ್ಲ. 9 ಅಂದರೆ `1001`, ಅದು `10` ಮತ್ತು `01`. 21 ಅಂದರೆ `10101`, ಅದು `10`, `1`, `01`. 27 ಅಂದರೆ `11011`, ಅದು `11`, `0`, `11`. ಎಲ್ಲ ನಿಮ್ಮ ಎಕ್ಸ್‌ಪ್ರೆಶನ್‌ನಲ್ಲಿ ಸಲೀಸಾಗಿ ಕೂರುತ್ತವೆ. 33 ಮಾತ್ರ ಕೂರುವುದಿಲ್ಲ: `10` ಆದಮೇಲೆ ಉಳಿದದ್ದು `0001`, ಅಲ್ಲಿ ಮುಂದೆ 1 ಅಥವಾ `01` ಬೇಕು, ಸಿಗುವುದು `00`.

ಹಾಗಾಗಿ ಚೆಕ್ ಮಾಡುವಾಗ ಚಿಕ್ಕ ಸಂಖ್ಯೆಗಳನ್ನು ಸಾಲಾಗಿ ಹಾಕುತ್ತಾ ಹೋಗುವುದಕ್ಕಿಂತ ಡಿಎಫ್‌ಎಯ ಸುತ್ತುಗಳನ್ನು ನೋಡಿ ಸ್ಟ್ರಿಂಗ್ ಕಟ್ಟಿ. ಇಲ್ಲಿ A ಮತ್ತು B ನಡುವೆ ಒಂದು ಸುತ್ತು, B ಮತ್ತು C ನಡುವೆ ಒಂದು ಸುತ್ತು, ಜೊತೆಗೆ A ಮತ್ತು C ಮೇಲೆ ಒಂದೊಂದು. B ಮತ್ತು C ನಡುವೆ ಎರಡು ಸಲ ಓಡಾಡುವ ಸ್ಟ್ರಿಂಗ್ ಬೇಕು ಅಂದುಕೊಂಡರೆ A ಯಿಂದ 1, ಆಮೇಲೆ ನಾಲ್ಕು 0, ಆಮೇಲೆ 1. ಸೀದಾ 33 ಸಿಕ್ಕಿತು. ಪರೀಕ್ಷೆಯಲ್ಲಿ ಇಂಥ ಒಂದು ಸ್ಟ್ರಿಂಗ್ ಹತ್ತು ಸಾಮಾನ್ಯ ಸ್ಟ್ರಿಂಗ್‌ಗಳಿಗೆ ಸಮ. ಭಾಷೆಯಲ್ಲಿ ಇಲ್ಲದ ಒಂದೆರಡು ಸ್ಟ್ರಿಂಗ್ ಕೂಡ ಹಾಕಿ ನೋಡಬೇಕು, ಅವು ಒಳಗೆ ನುಗ್ಗಬಾರದು. ನಿಮ್ಮದರಲ್ಲಿ ಆ ತೊಂದರೆ ಇಲ್ಲ. ಅದು ಹುಟ್ಟಿಸುವುದೆಲ್ಲ 3ರ ಗುಣಕವೇ, ಕೆಲವನ್ನು ಬಿಡುತ್ತದೆ ಅಷ್ಟೇ. ಅರ್ಧ ಮಾರ್ಕ್ಸ್ ಕೊಟ್ಟಿದ್ದು ಹೆಚ್ಚು ಕಡಿಮೆ ನ್ಯಾಯವೇ, ಆದರೆ "ಸ್ಕೀಮ್‌ನಲ್ಲಿ ಬೇರೆ ಇದೆ" ಅನ್ನುವ ಕಾರಣ ಸರಿಯಲ್ಲ.

ಮನೆಯಲ್ಲಿ ಓದುವಾಗ ಇದನ್ನು ಪೈಥಾನ್‌ಗೆ ಬಿಟ್ಟುಬಿಡಿ:

```python
import re
p = re.compile(r'(0|11|101*01)*')
for n in range(1000):
    ok = bool(p.fullmatch(format(n, 'b')))
    if ok != (n % 3 == 0):
        print(n)
        break
```

ಇದು 33 ಅಂತ ಪ್ರಿಂಟ್ ಮಾಡಿ ನಿಲ್ಲುತ್ತದೆ. `101*01` ಇರುವ ಜಾಗಕ್ಕೆ `10(1|00)*01` ಹಾಕಿ ಮತ್ತೆ ಓಡಿಸಿ, ಏನೂ ಪ್ರಿಂಟ್ ಆಗುವುದಿಲ್ಲ. ಒಂದು ಎಚ್ಚರಿಕೆ: ನೋಟ್ಸ್‌ನಲ್ಲಿ `+` ಅಂದರೆ "ಅಥವಾ", ಪೈಥಾನ್‌ನಲ್ಲಿ `+` ಅಂದರೆ "ಒಂದು ಅಥವಾ ಜಾಸ್ತಿ ಸಲ". ಅಥವಾ ಅನ್ನಲು ಅಲ್ಲಿ `|` ಹಾಕಬೇಕು. `fullmatch` ಬದಲು `match` ಬರೆದರೂ ಕೆಟ್ಟಿತು. ಈ ಎಕ್ಸ್‌ಪ್ರೆಶನ್ ಖಾಲಿ ಸ್ಟ್ರಿಂಗನ್ನೂ ಒಪ್ಪುವುದರಿಂದ `match` ಪ್ರತಿ ಸಂಖ್ಯೆಗೂ ಹೌದು ಅನ್ನುತ್ತದೆ, 1ರಲ್ಲೇ ತಪ್ಪು ತೋರಿಸಿ ನಿಲ್ಲುತ್ತದೆ.

ಖಾಲಿ ಸ್ಟ್ರಿಂಗ್ ಅಂದಮೇಲೆ ನೆನಪಾಯಿತು. ಈ ಡಿಎಫ್‌ಎಯಲ್ಲಿ A ಶುರುವೂ ಹೌದು ಕೊನೆಯೂ ಹೌದು, ಆದ್ದರಿಂದ ε ಒಪ್ಪಿಗೆಯಾಗುತ್ತದೆ. ಪ್ರಶ್ನೆಯಲ್ಲಿ "ಕನಿಷ್ಠ ಒಂದು ಅಂಕಿ ಇರಬೇಕು" ಅಂತ ಇದ್ದರೆ ಮೇಲಿನ ಯಾವುದೂ ಹಾಗೇ ನಡೆಯುವುದಿಲ್ಲ. ಹೊಸ ಶುರು N ಸೇರಿಸಿ, ಅದರಿಂದ 0 ಮೇಲೆ A ಗೆ, 1 ಮೇಲೆ B ಗೆ ಬಾಣ ಹಾಕಿ. N ಒಪ್ಪಿಕೊಳ್ಳುವ ಸ್ಟೇಟ್ ಅಲ್ಲ. ಈಗ ಚಿತ್ರ ಮೊದಲಿನ ಹಾಗೆ ಎರಡೂ ಕಡೆ ಒಂದೇ ಥರ ಇಲ್ಲ: N ಗೆ ಯಾವ ಬಾಣವೂ ಬರುವುದಿಲ್ಲ, ಶುರು N, ಕೊನೆ A. ಇದಕ್ಕೆ ಲೆಫ್ಟ್ ಲೀನಿಯರ್ ಗ್ರಾಮರ್ ಬರೆದು ನೋಡಿ. ಬಾಣ ಬಾಣವಾಗಿ ಹೋದರೆ `A → A0 | B1 | N0`, `B → A1 | C0 | N1`, `C → B0 | C1`, `N → ε`, ಸ್ಟಾರ್ಟ್ ಸಿಂಬಲ್ A ಅಂತ ಬರಬೇಕು. ನಿಮ್ಮ ಹಳೇ ವಿಧಾನದಲ್ಲಿ ಬರೆದರೆ ಸ್ಟಾರ್ಟ್ ಸಿಂಬಲ್ N ಆಗಿ `N → A0 | B1` ಅಂತ ಬರುತ್ತದೆ. ತಮಾಷೆ ಅಂದರೆ ಭಾಷೆ ಆಗಲೂ ಸರಿಯೇ ಇರುತ್ತದೆ, 3ರ ಮಹಿಮೆ. ಆದರೆ ಎರಡು ಗ್ರಾಮರ್‌ಗಳು ಈಗ ನೋಡಲು ಬೇರೆ ಬೇರೆ, ಆದ್ದರಿಂದ ಸ್ಕೀಮ್ ಹಿಡಿದು ಕೂತವರ ಕಣ್ಣಿಗೆ ಈ ಸಲ ಬಿದ್ದೇ ಬೀಳುತ್ತದೆ.